ತಾಳೆ ಆದ ಪಗಾರ ಚೀಟಿ ಸರಿಯಾದ ಚೀಟಿ ಅಂತಲ್ಲ

ಪಗಾರ ಚೀಟಿಯ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಹಾಕಿ, "ಇದು ಸರಿ ಐತೇನು, ಸ್ವಲ್ಪ ನೋಡ್ರಿ" ಅಂತ ಕೇಳುವವರು ನಮ್ಮ ಕಡೆ ಈಗ ಹೆಚ್ಚಾಗಿದ್ದಾರೆ. ಗುಂಪಿನಲ್ಲಿ ಲೆಕ್ಕ ಬಲ್ಲವರು ಯಾರೋ ಒಬ್ಬರು ಬಂದದ್ದನ್ನು ಕೂಡಿಸಿ, ಕಡಿತ ಕಳೆದು, ಕೆಳಗಿನ ಅಂಕಿಗೆ ಹೋಲಿಸಿ "ಸರಿ ಐತಿ" ಎಂದು ಉತ್ತರ ಕೊಡುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಆ ಉತ್ತರ ಅರ್ಧ ಮಾತ್ರ ಎಂಬುದು ನಮ್ಮ ವಾದ. ಚೀಟಿಯನ್ನು ಕಂಪ್ಯೂಟರ್ ಮುದ್ರಿಸುತ್ತದೆ. ಕೂಡುವುದರಲ್ಲಿ, ಕಳೆಯುವುದರಲ್ಲಿ ಕಂಪ್ಯೂಟರ್ ತಪ್ಪುವುದು ಬಲು ಅಪರೂಪ. ತಪ್ಪು ಇದ್ದರೆ ಅದು ಕೂಡಿಸುವುದಕ್ಕೂ ಮೊದಲೇ ಸೇರಿಕೊಂಡಿರುತ್ತದೆ. ಯಾವ ಸಾಲು ಹಾಕಿದರು, ಯಾವ ದರ ಹಾಕಿದರು, ಎಷ್ಟು ದಿನದ ಹಾಜರಿ ಹಾಕಿದರು ಎಂಬಲ್ಲಿ. ಹಾಗಾಗಿ ಮೊತ್ತ ತಾಳೆಯಾದರೆ ಫೋಟೊದಿಂದ ನಾವು ಅಂಕಿಗಳನ್ನು ಸರಿಯಾಗಿ ಓದಿದ್ದೇವೆ ಅಂತ ಮಾತ್ರ ಗೊತ್ತಾಗುತ್ತದೆ. ಪಗಾರ ಸರಿಯಾಗಿದೆಯೇ ಎಂಬ ಪ್ರಶ್ನೆ ಶುರುವಾಗುವುದೇ ಅದಾದ ಮೇಲೆ.

ಹಟ್ಟಿಯಲ್ಲಿ ಈ ಮಾತಿಗೆ ತೂಕ ಜಾಸ್ತಿ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಲ್ಲಿ ಶುರುವಾಗಿ ಈಗ ಕರ್ನಾಟಕ ಸರ್ಕಾರದ್ದಾಗಿರುವ ಚಿನ್ನದ ಗಣಿ ಕಂಪನಿಯ ಕಾಯಂ ನೌಕರರಿಗೆ ಕೇಳಲು ಯೂನಿಯನ್ ಇದೆ, ವೇತನ ಒಪ್ಪಂದ ಇದೆ. ಯಾವುದೇ ದೊಡ್ಡ ಉದ್ಯಮದ ಸುತ್ತ ಗುತ್ತಿಗೆದಾರರ ಕೈಕೆಳಗೆ ಸ್ವಚ್ಛತೆ, ಸಾಗಣೆ, ಕಟ್ಟಡ, ಕಾವಲು ಕೆಲಸ ಮಾಡುವವರ ಮಾತು ಬೇರೆ. ಅವರಿಗೆ ಲೆಕ್ಕ ಅಂತ ಕೈಗೆ ಸಿಗುವುದು ಆ ಒಂದು ಚೀಟಿ. ಕೆಲವರಿಗೆ ಚೀಟಿಯೂ ಸಿಗುವುದಿಲ್ಲ, ಅದರ ಫೋಟೊ ಸಿಗುತ್ತದೆ.

ಒಂದು ಮಾದರಿ ಚೀಟಿ

ಲೆಕ್ಕ ತೋರಿಸುವುದಕ್ಕಾಗಿ ನಾವೇ ಒಂದು ಚೀಟಿ ಕಟ್ಟಿದ್ದೇವೆ. ಇದು ಯಾವ ಗುತ್ತಿಗೆದಾರರದೂ ಅಲ್ಲ, ಯಾವ ಕೆಲಸಗಾರರದೂ ಅಲ್ಲ. ನೆಲದ ಮೇಲೆ ಕೆಲಸ ಮಾಡುವ ಒಬ್ಬ ಗುತ್ತಿಗೆ ಕೆಲಸಗಾರ್ತಿ ಎಂದುಕೊಳ್ಳಿ. ದಿನಕ್ಕೆ ಬೇಸಿಕ್ 480 ರೂಪಾಯಿ, ತುಟ್ಟಿಭತ್ಯೆ 120 ರೂಪಾಯಿ, ಕೂಡಿ 600. ಆ ತಿಂಗಳು 24 ದಿನ ಹಾಜರಿ, ಮೇಲೆ 10 ತಾಸು ಓಟಿ. ಚೀಟಿಯ ಫೋಟೊ ಮೇಲೆ ಮೊಬೈಲಿನ ಗೂಗಲ್ ಲೆನ್ಸ್ ಹಿಡಿದು ಅಕ್ಷರಗಳನ್ನು ಕಾಪಿ ಮಾಡಿದಾಗ ಹೀಗೆ ಬಂತು ಎಂದುಕೊಳ್ಳೋಣ:

```
BASIC 11,520.00 PF 1,728.00
VDA 2,880.00 PT 200.00
OT 1,500.00 ADV 1,000.00
ATT ALW 600.00 OTH DED 1,372.00
GROSS 16,500.00 TOT DED 4,800.00
NET PAY 11,700.00
```

ಎಡಗಡೆ ಇರುವುದು ಬಂದದ್ದು: ಬೇಸಿಕ್, ತುಟ್ಟಿಭತ್ಯೆ, ಓಟಿ, ಹಾಜರಿ ಭತ್ಯೆ. ಬಲಗಡೆ ಇರುವುದು ಕಡಿತ: ಪಿಎಫ್, ವೃತ್ತಿ ತೆರಿಗೆ, ಮುಂಗಡದ ಕಂತು, ಇತರೆ. ಕೊನೆಯಲ್ಲಿ ಕೈಗೆ ಬರುವ ಮೊತ್ತ.

ಇಲ್ಲಿ ಒಂದು ಎಚ್ಚರ. ಚೀಟಿಯಲ್ಲಿ ಎರಡು ಕಾಲಂ ಇರುತ್ತವೆ. ಮೊಬೈಲ್ ಒಮ್ಮೊಮ್ಮೆ ಅಡ್ಡಸಾಲಾಗಿ ಓದುತ್ತದೆ, ಮೇಲೆ ಕೊಟ್ಟಿರುವುದು ಹಾಗೆ. ಒಮ್ಮೊಮ್ಮೆ ಹೆಸರುಗಳನ್ನೆಲ್ಲ ಒಂದು ಕಡೆ, ಅಂಕಿಗಳನ್ನೆಲ್ಲ ಇನ್ನೊಂದು ಕಡೆ ಉದ್ದಕ್ಕೆ ಸುರಿಯುತ್ತದೆ. ಹಾಗೆ ಸುರಿದಾಗ ನಡುವೆ ಒಂದು ಖಾಲಿ ಜಾಗ ಇದ್ದರೂ ಸಾಕು, ಅಲ್ಲಿಂದ ಕೆಳಗಿನ ಅಂಕಿಗಳೆಲ್ಲ ಒಂದು ಮೆಟ್ಟಿಲು ಮೇಲೇರಿ ತಪ್ಪು ಹೆಸರಿನ ಎದುರು ಕೂರುತ್ತವೆ. ಆದ್ದರಿಂದ ಕಾಪಿ ಮಾಡಿದ್ದನ್ನು ನಂಬಿ ಮುಂದೆ ಹೋಗಬೇಡಿ. ಫೋಟೊವನ್ನು ದೊಡ್ಡದು ಮಾಡಿ, ಹೆಸರಿನ ಎದುರಿನ ಅಂಕಿ ಅದೇನಾ ಅಂತ ಸಾಲು ಸಾಲಾಗಿ ಬೆರಳಿಟ್ಟು ನೋಡಿ.

ಫೋಟೊ ತೆಗೆಯುವಾಗಲೇ ಅರ್ಧ ಕೆಲಸ ಉಳಿಸಬಹುದು. ಚೀಟಿಯ ಮಡಿಕೆ ಬಿಡಿಸಿ ಗಟ್ಟಿ ಹಲಗೆ ಮೇಲಿಟ್ಟು, ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ನೇರ ಮೇಲಿಂದ ಹಿಡಿದು ತೆಗೆಯಿರಿ. ಮಡಿಕೆ ಅಂಕಿಯ ಮೇಲೇ ಬಿದ್ದಿದ್ದರೆ ಯಾವ ಆ್ಯಪೂ ಅದನ್ನು ಸರಿಯಾಗಿ ಓದುವುದಿಲ್ಲ. ಬೇರೆಯವರಿಗೆ ಕಳಿಸುವುದಾದರೆ ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಫೋಟೊ ಎಂದು ಕಳಿಸಿದರೆ ಅದು ಕುಗ್ಗಿ ಸಣ್ಣ ಅಂಕಿಗಳು ಮಸುಕಾಗುತ್ತವೆ. ಗುಂಪಿಗೆ ಹಾಕುವ ಮೊದಲು ಹೆಸರು, ಬ್ಯಾಂಕ್ ಖಾತೆ ನಂಬರ್, ಪಿಎಫ್‌ನ 12 ಅಂಕಿಯ ಯುಎಎನ್ ನಂಬರ್ ಮುಚ್ಚಿಬಿಡಿ. ಲೆಕ್ಕ ನೋಡುವವರಿಗೆ ಅವು ಬೇಕಿಲ್ಲ.

ಮೊದಲ ಪರೀಕ್ಷೆ: ನಾವು ಓದಿದ್ದು ಸರಿಯೇ?

ಈಗ ಕೂಡಿಸೋಣ. ಎಡಗಡೆಯ ನಾಲ್ಕು ಸಾಲು ಕೂಡಿದರೆ 16,500. ಚೀಟಿಯಲ್ಲೂ ಅಷ್ಟೇ ಇದೆ. ಬಲಗಡೆಯ ನಾಲ್ಕು ಸಾಲು ಕೂಡಿದರೆ 4,300 ಬರುತ್ತದೆ. ಚೀಟಿಯಲ್ಲಿ 4,800 ಇದೆ. 500 ರೂಪಾಯಿ ವ್ಯತ್ಯಾಸ. ಕೆಳಗೆ 16,500ರಲ್ಲಿ 4,800 ಕಳೆದರೆ 11,700 ಸರಿಯಾಗೇ ಬರುತ್ತದೆ. ಅಂದರೆ ಮೊತ್ತಗಳು ಸರಿ ಇವೆ, ಬಲಗಡೆಯ ಯಾವುದೋ ಒಂದು ಸಾಲು ತಪ್ಪಾಗಿ ಓದಿದೆ.

ವ್ಯತ್ಯಾಸದ ಅಂಕಿಯೇ ತಪ್ಪು ಎಲ್ಲಿದೆ ಅಂತ ತೋರಿಸಿಕೊಡುತ್ತದೆ. ದುಂಡಗೆ 500 ಬಂದಿದೆ ಎಂದರೆ ನೂರರ ಸ್ಥಾನದ ಒಂದೇ ಅಂಕಿ ಐದು ಹೆಚ್ಚುಕಮ್ಮಿ ಆಗಿದೆ. ಮಾಸಿದ ಅಚ್ಚಿನಲ್ಲಿ 8 ಮತ್ತು 3 ಒಂದೇ ಥರ ಕಾಣುತ್ತವೆ, ಅವುಗಳ ನಡುವಿನ ಅಂತರ ಐದು. ಬಲಗಡೆ ನೂರರ ಸ್ಥಾನದಲ್ಲಿ 3 ಇರುವುದು "ಇತರೆ" ಸಾಲಿನ 1,372ರಲ್ಲಿ ಮಾತ್ರ. ಫೋಟೊ ದೊಡ್ಡದು ಮಾಡಿದರೆ ಅದು 1,872. ಈಗ ಕೂಡಿಸಿದರೆ 4,800.

ಇಂಥ ಗುರುತುಗಳು ಇನ್ನೂ ಮೂರಿವೆ, ಲೆಕ್ಕಪತ್ರ ಬರೆಯುವವರು ಬಲ್ಲವು. ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಕ್ಕಪಕ್ಕದ ಅಂಕಿಗಳು ಹಿಂದುಮುಂದಾಗಿರುವ ಸಂಭವ ಹೆಚ್ಚು. 1,728 ಬದಲು 1,782 ಬರೆದುಕೊಂಡರೆ ವ್ಯತ್ಯಾಸ 54, ಅದು ಒಂಬತ್ತಾರಲೆ. ವ್ಯತ್ಯಾಸ ಯಾವುದೋ ಒಂದು ಸಾಲಿನ ಮೊತ್ತಕ್ಕೇ ಸಮ ಇದ್ದರೆ ಆ ಸಾಲು ಬಿಟ್ಟುಹೋಗಿದೆ. ಕೊನೆಯ ಮೊತ್ತದ ವ್ಯತ್ಯಾಸ ಒಂದು ಸಾಲಿನ ಎರಡರಷ್ಟಿದ್ದರೆ ಆ ಸಾಲು ಎಡಬಲ ತಪ್ಪಿ ಕೂತಿದೆ. ಮುಂಗಡದ 1,000 ರೂಪಾಯಿಯನ್ನು ಕಡಿತದ ಬದಲು ಬಂದದ್ದರಲ್ಲಿ ಸೇರಿಸಿದರೆ ಕೈಗೆ ಬರುವ ಮೊತ್ತ 2,000 ಜಾಸ್ತಿ ತೋರಿಸುತ್ತದೆ, ಯಾಕೆಂದರೆ ಕಳೆಯಬೇಕಾದ್ದು ಕಳೆಯಲಿಲ್ಲ, ಮೇಲೆ ಕೂಡಿಸಿಯೂ ಆಯಿತು.

ಹೀಗೆ ನೋಡುವಾಗ ಒಂದು ತಪ್ಪು ದಾರಿ ಇದೆ, ಬಹಳ ಜನ ಅದನ್ನು ಹಿಡಿಯುತ್ತಾರೆ. ಒಂದು ಅಂಕಿ ಕಾಣದಿದ್ದರೆ ಮೊತ್ತದಿಂದ ಉಳಿದದ್ದನ್ನು ಕಳೆದು ಆ ಜಾಗ ತುಂಬುತ್ತಾರೆ. ತುಂಬಬಹುದು. ಆದರೆ ಆಮೇಲೆ "ಮೊತ್ತ ತಾಳೆ ಆಯಿತು" ಅಂತ ಹೇಳುವ ಹಾಗಿಲ್ಲ. ಮೊತ್ತದಿಂದಲೇ ಹುಟ್ಟಿಸಿದ ಅಂಕಿ ಮೊತ್ತಕ್ಕೆ ತಾಳೆಯಾಗದೆ ಇನ್ನೇನು? ಆ ಅಂಕಿಯ ಪಕ್ಕ ಒಂದು ಗುರುತು ಹಾಕಿಟ್ಟು, ಮೂಲ ಚೀಟಿ ಸಿಕ್ಕಾಗ ನೋಡಿಕೊಳ್ಳಿ.

ಪ್ರತಿ ತಿಂಗಳು ನೋಡುವವರು ಮೊಬೈಲಿನ ಗೂಗಲ್ ಶೀಟ್ಸ್‌ನಲ್ಲಿ ಒಂದು ಸಲ ಬರೆದಿಟ್ಟರೆ ಸಾಕು. ಬಂದದ್ದರ ನಾಲ್ಕು ಸಾಲು B1ರಿಂದ B4, ಅದರ ಮೊತ್ತ B5, ಕೈಗೆ ಬಂದದ್ದು B6. ಕಡಿತದ ನಾಲ್ಕು ಸಾಲು D1ರಿಂದ D4, ಅದರ ಮೊತ್ತ D5. ಮೊತ್ತಗಳನ್ನೂ ಚೀಟಿಯಲ್ಲಿ ಇದ್ದ ಹಾಗೆಯೇ ಬರೆಯಬೇಕು. ಆಮೇಲೆ ಬೇರೆ ಮೂರು ಮನೆಗಳಲ್ಲಿ ಒಂದೊಂದರಂತೆ ಇವನ್ನು ಬರೆಯಿರಿ:

```
=SUM(B1:B4)-B5
=SUM(D1:D4)-D5
=B5-D5-B6
```

ಮೂರೂ ಕಡೆ ಸೊನ್ನೆ ಬಂದರೆ ಓದಿದ್ದು ಸರಿ. ಫೋಟೊದಿಂದ ಕಾಪಿ ಮಾಡಿ ಅಂಟಿಸಿದ ಅಂಕಿ ಕೆಲವೊಮ್ಮೆ ಅಕ್ಷರವಾಗಿ ಕೂರುತ್ತದೆ, ಆಗ ಶೀಟ್ ಸದ್ದಿಲ್ಲದೆ ಅದನ್ನು ಕೂಡಿಸದೆ ಬಿಡುತ್ತದೆ. ಅಂಕಿ ಮನೆಯ ಬಲಕ್ಕೆ ಅಂಟದೆ ಎಡಕ್ಕೆ ಅಂಟಿದ್ದರೆ ಅದೇ ಗುರುತು. ಅಳಿಸಿ ಕೈಯಿಂದ ಬರೆಯಿರಿ.

ವಾಟ್ಸಾಪ್ ಗುಂಪಿನ "ಸರಿ ಐತಿ" ಮುಗಿಯುವುದು ಇಲ್ಲಿಗೆ.

ಎರಡನೇ ಪರೀಕ್ಷೆ: ಸಾಲುಗಳು ಸರಿಯೇ?

ಈಗ ಮೊತ್ತ ಮರೆತು ಒಂದೊಂದು ಸಾಲನ್ನೂ ಬೇರೆ ಬೇರೆ ಕೇಳೋಣ. ಈ ಅಂಕಿ ಎಲ್ಲಿಂದ ಬಂತು?

ಬೇಸಿಕ್ ಮತ್ತು ತುಟ್ಟಿಭತ್ಯೆ ಕೂಡಿ 14,400. ಅದು 24 ದಿನಕ್ಕೆ 600ರಂತೆ ಸರಿ. ಓಟಿ 1,500. ದಿನಕ್ಕೆ 600 ಅಂದರೆ ಎಂಟು ತಾಸಿನ ಲೆಕ್ಕದಲ್ಲಿ ತಾಸಿಗೆ 75. ಗಣಿ ಕೆಲಸದ ಹೆಚ್ಚುವರಿ ದುಡಿಮೆಗೆ 1952ರ ಗಣಿ ಕಾಯ್ದೆಯ ಕಾಲದಿಂದ ಇರುವ ನಿಯಮ ಎರಡು ಪಟ್ಟು ಕೂಲಿ. ತಾಸಿಗೆ 150ರಂತೆ ಹತ್ತು ತಾಸಿಗೆ 1,500. ಇದೂ ಸರಿ.

ಪಿಎಫ್ 1,728. ಕೆಲಸಗಾರರ ಪಾಲು ಬೇಸಿಕ್ ಮತ್ತು ತುಟ್ಟಿಭತ್ಯೆಯ ಶೇ 12. 14,400ಕ್ಕೆ ಶೇ 12 ಅಂದರೆ 1,728. ಸರಿ. ಓಟಿಯ ಮೇಲೆ ಪಿಎಫ್ ಇಲ್ಲ, ಆದ್ದರಿಂದ 16,500ರ ಮೇಲೆ ಲೆಕ್ಕ ಹಾಕಿ "ಕಡಿಮೆ ಹಿಡಿದಿದ್ದಾರೆ" ಅನ್ನಬೇಡಿ. ಬೇಸಿಕ್ ಮತ್ತು ತುಟ್ಟಿಭತ್ಯೆ ಕೂಡಿ 15,000 ದಾಟಿದವರ ಚೀಟಿಯಲ್ಲಿ 1,800ಕ್ಕೇ ನಿಂತಿದ್ದರೂ ಅದು ತಪ್ಪಲ್ಲ. 2014ರಿಂದ ಇರುವ ಮಿತಿ 15,000, ಅದರ ಶೇ 12ರಷ್ಟು 1,800. ಒಂದು ರೂಪಾಯಿ ಹೆಚ್ಚುಕಮ್ಮಿ ಇದ್ದರೆ ಅದು ಪೈಸೆ ಬಿಟ್ಟು ದುಂಡಗೆ ಮಾಡಿದ್ದು.

ಮುಂಗಡದ 1,000 ಕೆಲಸಗಾರರಿಗೇ ಗೊತ್ತಿರುವ ಸಂಗತಿ. ಎಷ್ಟು ತೊಗೊಂಡಿದ್ದಿರಿ, ಎಷ್ಟು ಕಂತು ಮುಗಿದವು ಅಂತ ಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಮುಗಿಯಿತು.

ಉಳಿದದ್ದು ಎರಡು ಸಾಲು. ಚೀಟಿಯ ರೋಗ ಇರುವುದು ಅಲ್ಲಿ.

ವೃತ್ತಿ ತೆರಿಗೆ 200. ಕರ್ನಾಟಕದಲ್ಲಿ ಮೊದಲು ತಿಂಗಳಿಗೆ 15,000 ಮತ್ತು ಮೇಲ್ಪಟ್ಟ ಪಗಾರಕ್ಕೆ 200 ರೂಪಾಯಿ ವೃತ್ತಿ ತೆರಿಗೆ ಇತ್ತು. 2023ರ ಏಪ್ರಿಲ್‌ನಿಂದ ಆ ಮಿತಿ 25,000ಕ್ಕೆ ಏರಿದೆ. 2025ರಿಂದ ಫೆಬ್ರವರಿ ತಿಂಗಳು ಮಾತ್ರ 300, ಉಳಿದ ತಿಂಗಳು 200, ಅದೂ 25,000 ಮುಟ್ಟಿದವರಿಗೆ. ನಮ್ಮ ಮಾದರಿಯ ಕೆಲಸಗಾರ್ತಿಯ ಪಗಾರ 16,500. ಅವರಿಂದ ಒಂದು ಪೈಸೆಯೂ ಹಿಡಿಯುವಂತಿಲ್ಲ. ಇದು ಮೋಸವೇ ಆಗಬೇಕಿಲ್ಲ. ಗುತ್ತಿಗೆದಾರರ ಕಂಪ್ಯೂಟರಿನಲ್ಲಿ ಹಳೆಯ 15,000ದ ಮಿತಿ ಹಾಗೇ ಉಳಿದಿದ್ದರೂ ಹೀಗಾಗುತ್ತದೆ. ಆದರೆ ವರ್ಷಕ್ಕೆ 2,400 ರೂಪಾಯಿ ಹೋಗುವುದು ಮಾತ್ರ ಕೆಲಸಗಾರರ ಜೇಬಿನಿಂದ.

"ಇತರೆ" ಎಂಬ ಸಾಲು

ಈಗ 1,872ಕ್ಕೆ ಬರೋಣ. ಹೆಸರು "ಇತರೆ ಕಡಿತ". ಯಾವುದರ ಇತರೆ ಅಂತ ಚೀಟಿ ಹೇಳುವುದಿಲ್ಲ. ಹೆಸರು ಹೇಳದಿದ್ದರೂ ಅಂಕಿ ಹೇಳುತ್ತದೆ. 1,872ನ್ನು 14,400ರಿಂದ ಭಾಗಿಸಿ. ಸರಿಯಾಗಿ 0.13 ಬರುತ್ತದೆ, ಅಂದರೆ ಶೇ 13.

ಶೇ 13 ಎಂಬುದು ಪಿಎಫ್ ಬಲ್ಲವರಿಗೆ ಪರಿಚಯದ ಅಂಕಿ. ಕೆಲಸ ಕೊಟ್ಟವರು ತಮ್ಮ ಕೈಯಿಂದ ಕಟ್ಟಬೇಕಾದ್ದು ಅಷ್ಟೇ: ಪಿಎಫ್ ಮತ್ತು ಪಿಂಚಣಿಗೆ ಶೇ 12, ಕೆಲಸಗಾರರ ವಿಮೆಗೆ ಅರ್ಧ, ಪಿಎಫ್ ಕಚೇರಿಯ ಆಡಳಿತ ವೆಚ್ಚಕ್ಕೆ ಅರ್ಧ. ಅಂದರೆ ಈ ಚೀಟಿಯಲ್ಲಿ ಕೆಲಸಗಾರರ ಪಾಲನ್ನು "ಪಿಎಫ್" ಎಂದು ಹಿಡಿದಿದ್ದಾರೆ, ಗುತ್ತಿಗೆದಾರರ ಪಾಲನ್ನು "ಇತರೆ" ಎಂದು ಅದೇ ಕೆಲಸಗಾರರಿಂದಲೇ ಹಿಡಿದಿದ್ದಾರೆ ಎಂಬ ಬಲವಾದ ಅನುಮಾನ ಬರುತ್ತದೆ.

ಒಂದೇ ಚೀಟಿ ನೋಡಿ ಆರೋಪ ಹೊರಿಸುವುದು ಬೇಡ. ಏನೋ ಸಾಲದ ಕಂತು ಕಾಕತಾಳೀಯವಾಗಿ 1,872 ಇದ್ದಿರಬಹುದು. ಅದಕ್ಕೆ ಎರಡನೇ ತಿಂಗಳ ಚೀಟಿ ಬೇಕು, ಹಾಜರಿ ಬೇರೆ ಇದ್ದ ತಿಂಗಳದ್ದು. ಆ ತಿಂಗಳು 22 ದಿನ ಕೆಲಸ ಆಗಿದ್ದರೆ ಬೇಸಿಕ್, ತುಟ್ಟಿಭತ್ಯೆ ಕೂಡಿ 13,200. ಅದರ ಶೇ 13 ಅಂದರೆ 1,716. "ಇತರೆ" ಸಾಲು ಆ ತಿಂಗಳೂ 1,872 ಇದ್ದರೆ ಅದು ಯಾವುದೋ ನಿಗದಿತ ಕಂತು, ಯಾವುದರದು ಅಂತ ಕೇಳಿ ತಿಳಿಯಬೇಕು. 1,716ಕ್ಕೆ ಇಳಿದಿದ್ದರೆ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ. ಸಾಲದ ಕಂತಿಗೆ ಹಾಜರಿಯ ಹಂಗಿಲ್ಲ, ಶೇಕಡಾ ಲೆಕ್ಕಕ್ಕೆ ಇದೆ.

ಈ ಎರಡು ಸಾಲು ತೆಗೆದು ಲೆಕ್ಕ ಹಾಕಿದರೆ ಕಡಿತ ಆಗಬೇಕಾದ್ದು 1,728 ಮತ್ತು 1,000 ಕೂಡಿ 2,728. ಕೈಗೆ ಬರಬೇಕಾದ್ದು 13,772. ಬಂದದ್ದು 11,700. ತಿಂಗಳಿಗೆ 2,072 ರೂಪಾಯಿ ಕಡಿಮೆ, ಅಂದರೆ ಆಕೆಯ ಮೂರೂವರೆ ದಿನದ ಕೂಲಿಗೆ ಸ್ವಲ್ಪವೇ ಕಡಿಮೆ. ಹಾಗಿದ್ದೂ ಚೀಟಿ ಪೂರ್ತಿ ತಾಳೆಯಾಗುತ್ತದೆ.

"ಟೆಂಡರ್ ದರದಲ್ಲೇ ಎರಡೂ ಪಾಲು ಸೇರಿದೆ, ನಾವು ಎಲ್ಲಿಂದ ತರೋಣ" ಎಂಬ ಮಾತನ್ನು ಗುತ್ತಿಗೆದಾರರ ಕಡೆಯಿಂದ ಕೇಳುವುದುಂಟು. ಟೆಂಡರ್ ದರ ಗುತ್ತಿಗೆದಾರರಿಗೂ ಕೆಲಸ ಕೊಟ್ಟ ಕಂಪನಿಗೂ ನಡುವಿನ ವ್ಯವಹಾರ. ಅದರಲ್ಲಿ ಮಾಲೀಕರ ಪಾಲು ಸೇರಿದ್ದರೆ ಅದು ಮಾಲೀಕರ ಪಾಲು ಕಟ್ಟುವುದಕ್ಕೇ ಬಂದ ಹಣ. ಕೆಲಸಗಾರರಿಗೆ ಹೇಳಿದ ಕೂಲಿಯಿಂದ ಅದನ್ನು ತೆಗೆಯುವಂತಿಲ್ಲ. 1952ರ ಪಿಎಫ್ ಯೋಜನೆಯ 31ನೇ ಕಂಡಿಕೆ ಇದನ್ನು ನೇರವಾಗಿ ಹೇಳುತ್ತದೆ: ಬೇರೆ ಯಾವ ಕರಾರು ಇದ್ದರೂ ಮಾಲೀಕರ ಪಾಲನ್ನು ಕೆಲಸಗಾರರ ಕೂಲಿಯಿಂದ ಹಿಡಿಯುವಂತಿಲ್ಲ, ಬೇರೆ ರೀತಿಯಲ್ಲಿ ವಸೂಲಿ ಮಾಡುವಂತೆಯೂ ಇಲ್ಲ. ಅಂದರೆ ಕೆಲಸಕ್ಕೆ ಸೇರುವಾಗ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರೂ ಅದು ನಿಲ್ಲುವುದಿಲ್ಲ.

ಸಿಂಧನೂರು, ಮಸ್ಕಿ ಕಡೆಯಿಂದ ಬೆಂಗಳೂರಿನ ಕಾರ್ಖಾನೆಗಳಿಗೆ ದುಡಿಯಲು ಹೋದವರು ಇದೇ ಕ್ರಮದಲ್ಲಿ ತಮ್ಮ ಚೀಟಿ ನೋಡಬಹುದು. ಅಲ್ಲಿ ಇಎಸ್ಐ ಎಂಬ ಸಾಲು ಇರುತ್ತದೆ. ಕೆಲಸಗಾರರ ಪಾಲು ಶೇ 0.75, ಮಾಲೀಕರದು ಶೇ 3.25. 16,500 ಪಗಾರಕ್ಕೆ 124 ರೂಪಾಯಿ. ಅಲ್ಲಿ 660 ಹಿಡಿದಿದ್ದರೆ ಅದು ಶೇ 4, ಎರಡೂ ಪಾಲು ಕೆಲಸಗಾರರಿಂದಲೇ ಹೋಗಿದೆ ಅಂತ ಅರ್ಥ. ಇಎಸ್ಐ ಹಿಡಿದಿದ್ದರೆ 10 ಅಂಕಿಯ ವಿಮಾ ನಂಬರ್ ಕೊಟ್ಟಿರಲೇಬೇಕು.

ಚೀಟಿಗೆ ಗೊತ್ತಿಲ್ಲದ ಸಂಗತಿಗಳು

ಎರಡೂ ಪರೀಕ್ಷೆ ದಾಟಿದ ಚೀಟಿಯೂ ಸುಳ್ಳು ಹೇಳಬಹುದು. ಅದಕ್ಕೆ ಚೀಟಿಯ ಹೊರಗಿನ ಮೂರು ಸಾಕ್ಷಿ ಬೇಕು.

ಒಂದು, ನಿಮ್ಮ ಸ್ವಂತ ಹಾಜರಿ. ಚೀಟಿಯಲ್ಲಿ 24 ದಿನ ಅಂತಿದೆ, ನೀವು ದುಡಿದದ್ದು 26 ಇರಬಹುದು. ಚೀಟಿಯ ಒಳಗಿನ ಯಾವ ಲೆಕ್ಕವೂ ಆ 1,200 ರೂಪಾಯಿ ಹಿಡಿದುಕೊಡುವುದಿಲ್ಲ. ಗೋಡೆ ಕ್ಯಾಲೆಂಡರಿನಲ್ಲಿ ಹೋದ ದಿನಕ್ಕೆ ಒಂದು ಗೀಟು, ಓಟಿ ಮಾಡಿದ ದಿನ ಎಷ್ಟು ತಾಸು ಎಂಬ ಅಂಕಿ, ಇಷ್ಟು ಇದ್ದರೆ ಸಾಕು.

ಎರಡು, ಬ್ಯಾಂಕಿಗೆ ಬಿದ್ದ ಹಣ. ಚೀಟಿಯ ಕೊನೆಯ ಸಾಲೂ ಬ್ಯಾಂಕಿನ ಮೆಸೇಜೂ ಒಂದೇ ಇರಬೇಕು. ಖಾತೆಗೆ ಪೂರ್ತಿ ಹಾಕಿ ಆಮೇಲೆ ಕೈಯಲ್ಲಿ ಇಷ್ಟು ವಾಪಸ್ ಕೊಡಿ ಎನ್ನುವುದು ಗುತ್ತಿಗೆ ಕೆಲಸದ ಹಳೆಯ ರೋಗ. ಅದನ್ನು ಯಾವ ಚೀಟಿಯೂ ತೋರಿಸುವುದಿಲ್ಲ, ಅದಕ್ಕೆ ಸಾಕ್ಷಿ ಮನುಷ್ಯರೇ.

ಮೂರು, ಪಿಎಫ್ ಪಾಸ್‌ಬುಕ್. ಹಿಡಿದದ್ದು ಬೇರೆ, ಕಟ್ಟಿದ್ದು ಬೇರೆ. ಒಂದು ತಿಂಗಳ ಪಿಎಫ್ ಅನ್ನು ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕಟ್ಟಬೇಕು. ಅದಾಗಿ ಕೆಲವು ದಿನ ಬಿಟ್ಟು, ಯುಎಎನ್‌ಗೆ ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಯ ಕಂತಿನ ವಿವರ ಮೆಸೇಜ್ ಆಗಿ ಬರುತ್ತದೆ. ಪೂರ್ತಿ ಪಾಸ್‌ಬುಕ್ ಉಮಂಗ್ ಆ್ಯಪಿನಲ್ಲಿ ಸಿಗುತ್ತದೆ. ನಮ್ಮ ಮಾದರಿಗೆ ಅಲ್ಲಿ ಕಾಣಬೇಕಾದ್ದು ಕೆಲಸಗಾರರ ಪಾಲು 1,728, ಮಾಲೀಕರ ಪಾಲು 528, ಪಿಂಚಣಿ 1,200. ಮಾಲೀಕರ 528 ಮತ್ತು ಪಿಂಚಣಿಯ 1,200 ಕೂಡಿದರೆ ಮತ್ತೆ 1,728. ಜೊತೆಗೆ ಯಾವ ಕೂಲಿಯ ಮೇಲೆ ಕಟ್ಟಿದ್ದಾರೆ ಎಂಬ ಅಂಕಿಯೂ ಇರುತ್ತದೆ. ಚೀಟಿಯಲ್ಲಿ 14,400 ಇದ್ದು ಪಾಸ್‌ಬುಕ್ಕಿನಲ್ಲಿ 9,000 ಇದ್ದರೆ, ಪಿಎಫ್ ಕಚೇರಿಗೆ ಕಡಿಮೆ ಕೂಲಿ ತೋರಿಸಿದ್ದಾರೆ ಅಂತ ಅರ್ಥ. ಇಂಥ ದೂರನ್ನು ಪಿಎಫ್ ಸಂಸ್ಥೆಯ `epfigms.gov.in` ತಾಣದಲ್ಲಿ ದಾಖಲಿಸಬಹುದು. ಚೀಟಿಯ ಫೋಟೊ ಆಗ ಉಪಯೋಗಕ್ಕೆ ಬರುತ್ತದೆ.

ನಾವು ಕೇಳುವುದು

ಇಷ್ಟೆಲ್ಲ ಲೆಕ್ಕ ಕೆಲಸಗಾರರೇ ಮಾಡಬೇಕು ಎನ್ನುವುದು ನ್ಯಾಯವಲ್ಲ. ಎಂಟು ತಾಸು ದುಡಿದು ಬಂದವರಿಗೆ ಶೇ 13 ಕಂಡುಹಿಡಿಯುವ ಕೆಲಸವನ್ನೂ ಹೊರಿಸಬಾರದು. ಕೂಲಿ ಚೀಟಿ ಕೊಡಬೇಕು ಎಂದು 2019ರ ವೇತನ ಸಂಹಿತೆಯಲ್ಲಿದೆ. ಆದರೆ ಓದಿ ಅರ್ಥವಾಗುವ ಚೀಟಿ ಕೊಟ್ಟರೆ ಮಾತ್ರ ಅದಕ್ಕೆ ಬೆಲೆ.

ಗುತ್ತಿಗೆ ಕೊಡುವ ಕಂಪನಿ, ಕಚೇರಿ, ಪಂಚಾಯ್ತಿ ಯಾವುದೇ ಇರಲಿ, ಮೂರು ಸಂಗತಿ ಟೆಂಡರ್ ಷರತ್ತಿನಲ್ಲೇ ಬರೆಯಬಹುದು. ಚೀಟಿ ಕನ್ನಡದಲ್ಲಿರಬೇಕು, ಅದರಲ್ಲಿ ದಿನದ ದರ, ಹಾಜರಿ ದಿನ, ಓಟಿ ತಾಸು ಮೂರೂ ಅಚ್ಚಾಗಿರಬೇಕು. "ಇತರೆ ಕಡಿತ" ಎಂಬ ಸಾಲೇ ಇರಬಾರದು, ಹಿಡಿದ ಪ್ರತಿ ರೂಪಾಯಿಗೂ ಹೆಸರಿರಬೇಕು. ಗುತ್ತಿಗೆದಾರರು ಬಿಲ್ ಜೊತೆ ಪಿಎಫ್ ಚಲನ್ ಮತ್ತು ಕೆಲಸಗಾರರ ಹೆಸರುವಾರು ಪಟ್ಟಿ ಕೊಡುವ ರೂಢಿ ಎಷ್ಟೋ ಕಡೆ ಇದೆ. ಅದರ ಜೊತೆಗೆ ಪಗಾರ ಚೀಟಿಗಳ ಪ್ರತಿಯನ್ನೂ ತರಿಸಿ, ಹತ್ತು ಹೆಸರು ಆರಿಸಿ, ಎರಡರಲ್ಲೂ ಕೂಲಿ ಒಂದೇ ಇದೆಯೇ ಅಂತ ನೋಡಿ ಬಿಲ್ ಪಾಸ್ ಮಾಡಬೇಕು. ಒಬ್ಬ ಗುಮಾಸ್ತರಿಗೆ ಅರ್ಧ ತಾಸಿನ ಕೆಲಸ. ಗುತ್ತಿಗೆದಾರರು ಕೂಲಿ ಕೊಡದಿದ್ದರೆ ಕೊಡುವ ಹೊಣೆ ಮೂಲ ಕಂಪನಿಯದು ಎಂದು ಕಾನೂನು 1970ರಿಂದ ಹೇಳುತ್ತಿದೆ. ಹೊಣೆ ಇರುವವರಿಗೆ ನೋಡುವ ಹಕ್ಕೂ ಇದೆ. ಹಟ್ಟಿಯ ಗಣಿಯಂಥ ಸರ್ಕಾರಿ ಕಂಪನಿ ಇದರಲ್ಲಿ ಮೇಲ್ಪಂಕ್ತಿ ಹಾಕಿದರೆ ಉಳಿದವರಿಗೆ ನೆಪ ಉಳಿಯುವುದಿಲ್ಲ.

ಅಲ್ಲಿಯವರೆಗೆ ಕೆಲಸಗಾರರು ಏನು ಮಾಡಬೇಕು? ಕೇಳಿದರೆ ನಾಳೆಯಿಂದ ಬರಬೇಡ ಅಂದಾರು ಎಂಬ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಆದ್ದರಿಂದ ಒಬ್ಬರೇ ಕೇಳಬೇಡಿ, ಜಗಳವಾಗಿಯೂ ಕೇಳಬೇಡಿ. ಒಂದೇ ಗುತ್ತಿಗೆಯ ನಾಲ್ಕೈದು ಜನ ಎರಡೆರಡು ತಿಂಗಳ ಚೀಟಿ ಇಟ್ಟುಕೊಂಡು ಕೂತು "ಇತರೆ" ಸಾಲನ್ನು ಬೇಸಿಕ್ ಮತ್ತು ತುಟ್ಟಿಭತ್ಯೆಯ ಮೊತ್ತದಿಂದ ಭಾಗಿಸಿ ನೋಡಿ. ಎಲ್ಲರದ್ದೂ ಒಂದೇ ಶೇಕಡಾ ಬಂದರೆ, ಎಲ್ಲರೂ ಸಹಿ ಮಾಡಿ ಒಂದೇ ಸಾಲಿನ ಪ್ರಶ್ನೆ ಬರೆದು ಕೊಡಿ: "ಇತರೆ ಕಡಿತ ಅಂದರೆ ಯಾವ ಬಾಬತ್ತು, ತಿಳಿಸಿರಿ." ಆರೋಪ ಇಲ್ಲದ ಪ್ರಶ್ನೆ ಅದು. ಉತ್ತರ ಕೊಟ್ಟರೆ ಲೆಕ್ಕ ಬಗೆಹರಿಯುತ್ತದೆ. ಕೊಡದಿದ್ದರೆ ಆ ಅರ್ಜಿಯ ಪ್ರತಿ ಮತ್ತು ಚೀಟಿಗಳ ಫೋಟೊ ಮುಂದಿನ ಕಚೇರಿಗೆ ಹೋಗಲು ಸಾಕು.